ದಸರಾ ಗೊಂಬೆಗಳು ಅಮೆರಿಕಕ್ಕೆ ಹೋದ ಬಗೆ: 2025ರ ಒಂದು ಪ್ರಕರಣ

ಅತ್ತಿಗೆ ಮೈಸೂರಿನ ಮನೆಯಿಂದಲೇ ಮರದ ಗೊಂಬೆಗಳನ್ನು ಮಾರುತ್ತಾರೆ. ಚನ್ನಪಟ್ಟಣದ ಇಬ್ಬರು ಕುಶಲಕರ್ಮಿಗಳು ಅವರು ಹೇಳಿದ ಅಳತೆಗೆ ಹಾಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ ಕೊಡುತ್ತಾರೆ. ಕೊಳ್ಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊರದೇಶದ ಕನ್ನಡಿಗರು. ಲೆಕ್ಕ, ಬಿಲ್ಲು, ಪಾರ್ಸೆಲ್ ನನ್ನ ಪಾಲಿನ ಕೆಲಸ.

2025ರ ದಸರೆಗೆ ಒಂಬತ್ತು ಗೊಂಬೆಗಳ ಒಂದು ಸೆಟ್ ಮಾಡಿದ್ದರು. ಬೆಲೆ 6,500 ರೂಪಾಯಿ. ಜುಲೈನಲ್ಲಿ ಆರ್ಡರ್ ತೆಗೆದುಕೊಂಡರು. ಅಮೆರಿಕದಿಂದಲೇ 14 ಆರ್ಡರ್ ಬಂದವು. ಅಂಚೆ ವೆಚ್ಚ 3,000 ಸೇರಿಸಿ ಪ್ರತಿಯೊಬ್ಬರಿಂದ 9,500 ಪಡೆದಾಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಹೋದ ಮಾತು ಒಂದೇ: "ಗೊಂಬೆ ಕೂರಿಸೋ ಹೊತ್ತಿಗೆ ನಿಮ್ಮ ಮನೇಲಿರುತ್ತೆ."

ಆ ವರ್ಷ ನವರಾತ್ರಿ ಶುರುವಾಗಿದ್ದು ಸೆಪ್ಟೆಂಬರ್ 22ಕ್ಕೆ. ಆಗಸ್ಟ್ ಕೊನೆಯ ವಾರ ಸ್ಪೀಡ್ ಪೋಸ್ಟಿಗೆ ಹಾಕಿದರೂ ಸಮಯ ಬೇಕಾದಷ್ಟಿತ್ತು. ಹಾಗಾಗಿ ಆ ಮಾತು ಕೊಟ್ಟ ದಿನಕ್ಕೆ ತಪ್ಪೇನೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ನಿಯಮ ಬದಲಾಯಿತು. ಅಲ್ಲಿಯವರೆಗೆ 800 ಡಾಲರ್ ಒಳಗಿನ ಪಾರ್ಸೆಲ್ ಅಮೆರಿಕದೊಳಗೆ ಸುಂಕವಿಲ್ಲದೆ ಹೋಗುತ್ತಿತ್ತು. ಜುಲೈ 30ರ ಆದೇಶದಲ್ಲಿ ಅಲ್ಲಿನ ಸರ್ಕಾರ ಆ ವಿನಾಯಿತಿಯನ್ನು ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ತೆಗೆದುಹಾಕಿತು. ಭಾರತದ ಸರಕಿನ ಮೇಲೆ ಆಗಸ್ಟ್ 7ರಿಂದ ಶೇಕಡ 25 ಹೆಚ್ಚುವರಿ ಸುಂಕ ಬಿದ್ದಿತ್ತು, 27ರಿಂದ ಅದು 50 ಆಯಿತು. ಅಂಚೆಯಲ್ಲಿ ಬಂದ ಪಾರ್ಸೆಲ್‌ಗೆ ಈ ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಅನ್ನುವುದು ಇತ್ಯರ್ಥವಾಗಿರಲಿಲ್ಲ. ವಿಮಾನ ಕಂಪನಿಗಳು ಅಂಚೆ ಚೀಲ ಒಯ್ಯಲು ಹಿಂದೇಟು ಹಾಕಿದವು. ಆಗಸ್ಟ್ 25ರಿಂದ ಭಾರತದ ಅಂಚೆ ಅಮೆರಿಕಕ್ಕೆ ಬುಕಿಂಗ್ ನಿಲ್ಲಿಸಿತು. ಮೊದಲು ಪತ್ರಗಳಿಗೆ ಮತ್ತು 100 ಡಾಲರ್ ಒಳಗಿನ ಉಡುಗೊರೆಗಳಿಗೆ ಅವಕಾಶವಿತ್ತು, ಕೆಲವೇ ದಿನಗಳಲ್ಲಿ ಅದೂ ನಿಂತಿತು.

ನಮ್ಮ ಎರಡು ಪೆಟ್ಟಿಗೆಗಳು ಅದಕ್ಕೆ ಮುಂಚಿನ ಶುಕ್ರವಾರ ಬುಕ್ ಆಗಿದ್ದವು. ಅವು ದೇಶ ಬಿಟ್ಟು ಹೋಗಲೇ ಇಲ್ಲ. ಹೀಗೆ ಸಿಕ್ಕಿಕೊಂಡ ಪಾರ್ಸೆಲ್‌ಗಳ ಅಂಚೆ ಶುಲ್ಕ ವಾಪಸ್ ಪಡೆಯಬಹುದು ಎಂದು ಇಲಾಖೆಯೇ ಹೇಳಿತ್ತು, ಅರ್ಜಿ ಹಾಕಿದೆವು. ಉಳಿದ 12 ಪೆಟ್ಟಿಗೆ ಮನೆಯ ಹಾಲ್‌ನಲ್ಲೇ ಕೂತಿದ್ದವು.

ಉಡುಗೊರೆ ಅಂತ ಬರೆದುಬಿಡಿ

ಸುದ್ದಿ ತಿಳಿದ ಕೂಡಲೇ ಗ್ರಾಹಕರಿಂದ ಬಂದ ಮೊದಲ ಸಲಹೆ ಇದು. "ಅಕ್ಕ, ಗಿಫ್ಟ್ ಅಂತ ಹಾಕಿ, 20 ಡಾಲರ್ ಅಂತ ಬರೆಯಿರಿ, ಯಾರೂ ನೋಡಲ್ಲ." ಕೇಳಿದವರದು ಕೆಟ್ಟ ಉದ್ದೇಶವಲ್ಲ. ಊರಿಂದ ಅಮ್ಮ ಕಳಿಸಿದ ಡಬ್ಬಿಗೂ ಅಂಗಡಿಯಿಂದ ಕೊಂಡ ಗೊಂಬೆಗೂ ಅವರ ಕಣ್ಣಿಗೆ ಅಂಥ ವ್ಯತ್ಯಾಸ ಇರಲಿಲ್ಲ.

ಆದರೆ ಕಸ್ಟಮ್ಸ್‌ಗೆ ವ್ಯತ್ಯಾಸ ಇದೆ. ಒಬ್ಬರು ಇನ್ನೊಬ್ಬರಿಗೆ ದುಡ್ಡು ತೆಗೆದುಕೊಳ್ಳದೆ ಕಳಿಸಿದ್ದು ಮಾತ್ರ ಉಡುಗೊರೆ. ಇಲ್ಲಿ ಹಣ ಬಂದಿದೆ, ಬಿಲ್ಲು ಇದೆ. ಸುಳ್ಳು ಬರೆದರೆ ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ, ಸಿಕ್ಕಿಬೀಳದಿದ್ದರೂ ನಷ್ಟ ನಮಗೇ. ಪೆಟ್ಟಿಗೆ ಕಳೆದುಹೋದರೆ ಪರಿಹಾರ ಸಿಗುವುದು ಫಾರ್ಮಿನಲ್ಲಿ ಬರೆದ ಬೆಲೆಯ ಮೇಲೆ. 20 ಡಾಲರ್ ಎಂದು ಬರೆದವರು ಸೆಟ್‌ನ ನಿಜವಾದ ಬೆಲೆ 74 ಡಾಲರ್ ಕೇಳುವಂತಿಲ್ಲ.

ಇನ್ನೊಂದು ತೊಡಕು ಬ್ಯಾಂಕಿನದು. ಇದನ್ನು ಸಣ್ಣ ಮಾರಾಟಗಾರರು ಗಮನಿಸುವುದೇ ಕಡಿಮೆ. ಕೊರಿಯರ್ ಮೂಲಕ ಹೊರದೇಶಕ್ಕೆ ಹೋಗುವ ಸರಕಿಗೆ ನಮ್ಮ ಕಡೆಯ ಕಸ್ಟಮ್ಸ್‌ನಲ್ಲಿ ಎರಡು ದಾರಿ ಇವೆ. ಸಿಎಸ್‌ಬಿ-4 ಅನ್ನುವುದು ಉಡುಗೊರೆ, ಸ್ಯಾಂಪಲ್‌ಗಳಿಗೆ. ಸಿಎಸ್‌ಬಿ-5 ಮಾರಾಟದ ಸರಕಿಗೆ. ಎಷ್ಟೋ ಬುಕಿಂಗ್ ಏಜೆಂಟರು ಕೇಳದೇ ಮೊದಲನೆಯದರಲ್ಲಿ ಹಾಕಿಬಿಡುತ್ತಾರೆ, ಯಾಕೆಂದರೆ ಕಾಗದ ಕಡಿಮೆ. ಹಾಗೆ ಹೋದ ಪೆಟ್ಟಿಗೆ ರಫ್ತು ಅಂತ ಎಲ್ಲೂ ದಾಖಲಾಗುವುದಿಲ್ಲ. ಇತ್ತ ಖಾತೆಗೆ ಡಾಲರ್ ಬಂದಿರುತ್ತದೆ. ಅದು ಯಾವ ರಫ್ತಿನ ಹಣ ಎಂದು ಬ್ಯಾಂಕ್ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಸಿಎಸ್‌ಬಿ-5ಗೆ ಬೇಕಾದದ್ದು ಆಮದು ರಫ್ತು ಕೋಡ್, ವಿದೇಶಿ ವಿನಿಮಯ ನಡೆಸುವ ಬ್ಯಾಂಕ್ ಕೊಡುವ ಎಡಿ ಕೋಡ್, ಸರಿಯಾದ ಇನ್‌ವಾಯ್ಸ್. ಜಿಎಸ್‌ಟಿ ನೋಂದಣಿ ಇದ್ದವರು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದ್ದರೆ ತೆರಿಗೆ ಕಟ್ಟದೆ ಕಳಿಸಬಹುದು. ಆಮದು ರಫ್ತು ಕೋಡ್ ಅಂದರೆ ಬೇರೆ ದೊಡ್ಡ ಸಂಖ್ಯೆಯೇನಲ್ಲ, ಪ್ಯಾನ್ ಸಂಖ್ಯೆಯೇ ಅದು. ಆದರೂ ಅರ್ಜಿ ಹಾಕಿ ಪಡೆಯಬೇಕು. ಅತ್ತಿಗೆಯ ಹತ್ತಿರ ಇವೆಲ್ಲ ಮೊದಲೇ ಇದ್ದವು. ಅಂಚೆ ಮೂಲಕ ಕಳಿಸುವಾಗಲೂ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ಅಂಚೆ ರಫ್ತು ಬಿಲ್ ತುಂಬುತ್ತಿದ್ದೆವು. ಹಾಗಾಗಿ ಕೊರಿಯರ್‌ಗೆ ಬದಲಾಗಲು ಕಾಗದದ ಕಡೆಯಿಂದ ತಡವಾಗಲಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಫಾರ್ಮ್ ತುಂಬುವ ಮೊದಲು ಒಂದು ಪೆಟ್ಟಿಗೆ ಬಿಚ್ಚಿ ನೋಡಿದೆವು. ಒಂಬತ್ತು ಗೊಂಬೆ. ಜೊತೆಗೆ ಮಕ್ಕಳಿಗೆ ಅಂತ ಒಂದು ಬುಗುರಿ, ಒಂದು ಪುಟ್ಟ ಎತ್ತಿನ ಗಾಡಿ. ಮೇಲೆ ಸಣ್ಣ ಪೊಟ್ಟಣದಲ್ಲಿ ಅರಿಶಿನ, ಕುಂಕುಮ, ಎರಡು ಅಡಿಕೆ. ಅತ್ತಿಗೆ ಯಾರಿಗೂ ಬರಿಗೈಲಿ ಗೊಂಬೆ ಕಳಿಸಿದವರಲ್ಲ.

ಬುಗುರಿ ಮತ್ತು ಗಾಡಿ ಆಟಿಕೆಗಳು. ಹನ್ನೆರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಆಟಿಕೆಗೆ ಅಮೆರಿಕದಲ್ಲಿ ಸುರಕ್ಷತಾ ಪರೀಕ್ಷೆ ಮತ್ತು ಅದರ ಪ್ರಮಾಣಪತ್ರ ಬೇಕು. ಒಂಬತ್ತು ಗೊಂಬೆಗಳು ಮೆಟ್ಟಿಲ ಮೇಲೆ ಕೂರಿಸುವ ಅಲಂಕಾರದ ವಸ್ತುಗಳು, ಅವುಗಳ ಮಾತು ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಎಲ್ಲವನ್ನೂ ಅಲಂಕಾರದ್ದು ಎಂದು ಬರೆದರೆ ಸುಳ್ಳಾಗುತ್ತದೆ. ಆಟಿಕೆ ಎಂದು ಬರೆದರೆ ಪ್ರಮಾಣಪತ್ರ ಇಲ್ಲ. ಬುಗುರಿ ಗಾಡಿ ಎರಡನ್ನೂ ತೆಗೆದೆವು.

ಅಡಿಕೆ, ಅರಿಶಿನ ಕೂಡ ಹೊರಗೆ ಬಂದವು. ತಿನ್ನುವ ಯಾವುದೇ ವಸ್ತು ಅಮೆರಿಕಕ್ಕೆ ಹೋಗುವುದಾದರೆ ಅಲ್ಲಿನ ಆಹಾರ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು. ಒಂದು ಚಿಟಿಕೆ ಅರಿಶಿನಕ್ಕಾಗಿ ಇಡೀ ಪೆಟ್ಟಿಗೆ ತಡೆಹಿಡಿಸಿಕೊಳ್ಳುವುದು ಯಾರಿಗೆ ಬೇಕು? ಅತ್ತಿಗೆಗೆ ಇದು ಸ್ವಲ್ಪ ಬೇಜಾರಾಯಿತು. ಅದರ ಬದಲು ಕೈಬರಹದ ಒಂದು ಕಾಗದ ಇಟ್ಟರು.

ಒಬ್ಬ ಗ್ರಾಹಕಿ ಸೆಟ್ ಜೊತೆ ರಕ್ತಚಂದನದ ಪಟ್ಟದ ಗೊಂಬೆ ಜೋಡಿಯೂ ಬೇಕೆಂದು ಕೇಳಿದ್ದರು. ಅದು ಆಗುವುದಿಲ್ಲ ಎಂದು ಹೇಳಿದೆವು. ರಕ್ತಚಂದನ ಅಂತಾರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಪಟ್ಟಿಯಲ್ಲಿರುವ ಮರ, ನಮ್ಮ ರಫ್ತು ನೀತಿಯಲ್ಲೂ ಅದಕ್ಕೆ ಬಿಗಿ ಕಟ್ಟುಪಾಡು ಇದೆ. ಸುಮ್ನೆ ಪಾರ್ಸೆಲ್‌ನಲ್ಲಿ ಹಾಕಿ ಕಳಿಸುವ ವಸ್ತು ಅಲ್ಲವೇ ಅಲ್ಲ. ಬೇರೆ ಮರದಲ್ಲಿ ಮಾಡಿಸಿದ್ದಾದರೆ ತೊಂದರೆಯಿಲ್ಲ. ಆದರೆ ಯಾವ ಮರ ಅಂತ ಇನ್‌ವಾಯ್ಸ್‌ನಲ್ಲಿ ಸ್ಪಷ್ಟವಾಗಿ ಬರೆಯಬೇಕು, ಇಲ್ಲದಿದ್ದರೆ ಕೆಂಪು ಬಣ್ಣ ನೋಡಿದವರಿಗೆ ಅನುಮಾನ ಬರುತ್ತದೆ.

ಕೊನೆಗೆ ಫಾರ್ಮಿನಲ್ಲಿ ಬರೆದದ್ದು ಇಷ್ಟು:

```
Hand-turned wooden figurines, lac finish,
decorative, set of 9
Wood: Wrightia tinctoria
HS heading: 4420
Country of origin: India
Value: USD 74
```

ಇದಕ್ಕೆ ಮುಂಚೆ ಏಜೆಂಟ್ ಬರೆದಿದ್ದು ಬರೀ `Handicraft items`. ಆ ಎರಡು ಪದ ಓದಿದವರಿಗೆ ಒಳಗೆ ಏನಿದೆ, ಯಾವುದರಿಂದ ಮಾಡಿದ್ದು, ಯಾತಕ್ಕೆ ಅನ್ನುವುದು ಒಂದೂ ಗೊತ್ತಾಗಲ್ಲ. ಗೊತ್ತಾಗದಿದ್ದರೆ ಪೆಟ್ಟಿಗೆ ಪಕ್ಕಕ್ಕೆ ಹೋಗುತ್ತದೆ, ಪ್ರಶ್ನೆ ಬರುತ್ತದೆ, ಉತ್ತರ ಕೊಡುವವರೆಗೆ ಅಲ್ಲೇ ಇರುತ್ತದೆ.

ಗಾಳಿಗೆ ಕಟ್ಟುವ ದುಡ್ಡು

ಅಂಚೆಗೆ ಹಾಕುವುದು ಅಂತ ಇದ್ದಾಗ ಪೆಟ್ಟಿಗೆಯ ಗಾತ್ರ ನಮ್ಮನ್ನು ಕಾಡಿರಲಿಲ್ಲ. ಅತ್ತಿಗೆ ಚೆಂದದ ದೊಡ್ಡ ಪೆಟ್ಟಿಗೆ ಮಾಡಿಸಿದ್ದರು. ಗೊಂಬೆಗಳೆಲ್ಲ ನಿಂತುಕೊಂಡೇ ಹೋಗುತ್ತಿದ್ದವು. ಅಳತೆ 45, 35, 25 ಸೆಂಟಿಮೀಟರ್. ತೂಕ 2.7 ಕಿಲೋ.

ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ, 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ. ನಮ್ಮ ಪೆಟ್ಟಿಗೆಗೆ ಈ ಲೆಕ್ಕದಲ್ಲಿ 7.875 ಬಂತು. ಅರ್ಧ ಕಿಲೋಗೆ ಮೇಲಕ್ಕೆ ಸರಿಸಿ 8 ಕಿಲೋ. ಆ ವಾರ ಏಜೆಂಟ್ ಹೇಳಿದ ದರ ಕಿಲೋಗೆ 900. ಅಂದರೆ 2.7 ಕಿಲೋ ಗೊಂಬೆಗೆ ಸಾಗಣೆ 7,200 ರೂಪಾಯಿ. ಅದರಲ್ಲಿ 5 ಕಿಲೋದಷ್ಟು ಬರೀ ಗಾಳಿ.

ಎಲ್ಲ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟಿದೆವು. ಗೊಂಬೆಗಳನ್ನು ಮಲಗಿಸಿ, ಒಂದರ ತಲೆ ಇನ್ನೊಂದರ ಕಾಲಿನ ಕಡೆ ಬರುವಂತೆ ಜೋಡಿಸಿ, ನಡುನಡುವೆ ರಟ್ಟಿನ ಅಡ್ಡಗೋಡೆ ಇಟ್ಟರೆ 36, 26, 18 ಸೆಂಟಿಮೀಟರ್‌ನ ಐದು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿದವು. ಲೆಕ್ಕ 3.37, ಅಂದರೆ 3.5 ಕಿಲೋ. ಸಾಗಣೆ 3,150ಕ್ಕೆ ಇಳಿಯಿತು. ಗ್ರಾಹಕರು ಕೊಟ್ಟಿದ್ದ ಅಂಚೆ ವೆಚ್ಚಕ್ಕೆ ಹೆಚ್ಚೂಕಡಿಮೆ ಸಮ.

ಒಂದು ಎಚ್ಚರ: ಅಳೆಯಬೇಕಾದದ್ದು ಟೇಪ್ ಸುತ್ತಿದ ಮೇಲೆ, ಹೊರಗಿನಿಂದ. ಪೆಟ್ಟಿಗೆ ಉಬ್ಬಿದ್ದರೆ ಉಬ್ಬಿದ ಜಾಗದಲ್ಲೇ ಅವರ ಅಳತೆಪಟ್ಟಿ ಕೂರುತ್ತದೆ. ಇಕ್ಕಟ್ಟಾಗಿ ತುಂಬಿ ಒಂದು ಸೆಂಟಿಮೀಟರ್ ಉಬ್ಬಿದರೂ ಕೆಲವು ಸಲ ಮುಂದಿನ ಅರ್ಧ ಕಿಲೋಗೆ ಹೋಗಿಬಿಡುತ್ತದೆ.

ಅರಗಿನ ಬಣ್ಣಕ್ಕೆ ಇನ್ನೊಂದು ಗುಣ ಇದೆ. ಅದು ಬಿಸಿಗೆ ಮೆತ್ತಗಾಗುತ್ತದೆ. ಕಡೆಯುವ ಯಂತ್ರದ ಮೇಲೆ ಬಣ್ಣ ಹತ್ತುವುದೇ ಆ ಗುಣದಿಂದ. ಬಿಸಿಲಲ್ಲಿ ನಿಂತ ಸರಕು ಗಾಡಿಯಲ್ಲಿ ಗೊಂಬೆಯ ಮೈಗೆ ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಬಿಗಿದು ಸುತ್ತಿದ್ದರೆ ಹೊಳಪಿನ ಮೇಲೆ ಗುಳ್ಳೆಗಳ ಗುರುತು ಉಳಿಯುತ್ತದೆ. ಗೊಂಬೆ ಮುರಿದಿರುವುದಿಲ್ಲ, ಆದರೂ ನೋಡಲು ಹಾಳಾಗಿರುತ್ತದೆ. ಹಾಗಾಗಿ ಮೊದಲು ಬಟರ್ ಪೇಪರ್, ಆಮೇಲೆ ಗುಳ್ಳೆ ಪ್ಲಾಸ್ಟಿಕ್, ಗುಳ್ಳೆಗಳು ಹೊರಮುಖವಾಗಿ. ಎರಡು ಬಣ್ಣದ ಗೊಂಬೆಗಳು ಒಂದಕ್ಕೊಂದು ತಾಕುವಂತಿಲ್ಲ. ಮಳೆಗಾಲವಾದ್ದರಿಂದ ತೇವ ಹೀರುವ ಸಿಲಿಕಾ ಪೊಟ್ಟಣ ಎರಡು ಹಾಕಿದೆವು.

ಮುಚ್ಚುವ ಮೊದಲು ಪ್ರತಿ ಪೆಟ್ಟಿಗೆಯ ಒಳಗಿನದು, ಹೊರಗಿನದು, ತಕ್ಕಡಿಯ ಮೇಲಿನದು ಹೀಗೆ ಮೂರು ಫೋಟೋ. ತೂಕದ ಜಗಳಕ್ಕೂ ಹಾನಿಯ ಅರ್ಜಿಗೂ ಇವೇ ಆಧಾರ.

ಹೊಸ ಲೆಕ್ಕ, ಹೊಸ ಮಾತು

ಈಗ ಒಂದು ಸೆಟ್‌ನ ಲೆಕ್ಕ ಹೀಗಾಯಿತು. ಗೊಂಬೆ 6,500. ಸಾಗಣೆ 3,150. ಸುಂಕ ಮತ್ತು ಅದನ್ನು ಮುಂಗಡ ಕಟ್ಟಿಕೊಡುವುದಕ್ಕೆ ಕೊರಿಯರ್ ತೆಗೆದುಕೊಳ್ಳುವ ಶುಲ್ಕ ಸೇರಿ ಸುಮಾರು 4,500. ಒಟ್ಟು 14,150. ಗ್ರಾಹಕರು ಕೊಟ್ಟಿದ್ದು 9,500. ಕೊರತೆ 4,650, ಅಂದರೆ ಸುಮಾರು 53 ಡಾಲರ್. ಅದನ್ನು ಅತ್ತಿಗೆ ಹೊತ್ತರೆ ಸೆಟ್ ಮೇಲಿನ ಲಾಭ ಹೋಗಿ ಕೈಯಿಂದಲೇ ಹಾಕಬೇಕಿತ್ತು.

ಎಲ್ಲರಿಗೂ ಒಂದೇ ಸಂದೇಶ ಹೋಯಿತು. ಅದರಲ್ಲಿ ಕ್ಷಮೆ ಕೇಳಿದ್ದಕ್ಕಿಂತ ಲೆಕ್ಕ ಹೇಳಿದ್ದೇ ಜಾಸ್ತಿ. ಆಯ್ಕೆ ಮೂರು: 53 ಡಾಲರ್ ಸೇರಿಸಿದರೆ ಕೊರಿಯರ್‌ನಲ್ಲಿ ಈ ವಾರ ಹೊರಡುತ್ತದೆ, ಬಾಗಿಲಲ್ಲಿ ಮತ್ತೇನೂ ಕಟ್ಟಬೇಕಿಲ್ಲ. ಅಂಚೆ ಮತ್ತೆ ಶುರುವಾಗುವವರೆಗೆ ಕಾಯಬಹುದು, ಅದು ಯಾವಾಗ ಅಂತ ಹೇಳಲಾಗದು, ಹಬ್ಬಕ್ಕೆ ಬರುತ್ತದೆ ಅಂದುಕೊಳ್ಳಬೇಡಿ. ಅಥವಾ ಪೂರ್ತಿ ಹಣ ವಾಪಸ್.

ಗ್ರಾಹಕರೇ ನಾಲ್ಕನೆಯ ದಾರಿ ಹುಡುಕಿದರು. "ಅಕ್ಕ, ಅಪ್ಪ ಅಮ್ಮ ಸೆಪ್ಟೆಂಬರ್ ಮೊದಲ ವಾರ ಇಲ್ಲಿಗೆ ಬರ್ತಿದಾರೆ. ಜಯನಗರದ ಮನೆಗೆ ಕಳಿಸಿಬಿಡಿ." ಇದಕ್ಕೆ ಅಡ್ಡಿಯಿಲ್ಲ. ನಮ್ಮ ಪಾಲಿಗೆ ಅದು ಊರೊಳಗಿನ ಮಾರಾಟ, ಬಿಲ್ಲೂ ಹಾಗೆಯೇ ಆಗುತ್ತದೆ. ಸೂಟ್‌ಕೇಸ್‌ನಲ್ಲಿ ಒಯ್ದವರು ಅಲ್ಲಿ ಇಳಿದಾಗ ಘೋಷಿಸುವುದು ಅವರ ಜವಾಬ್ದಾರಿ ಎಂದು ಬಿಡಿಸಿ ಹೇಳಿದೆವು. ಹೆಚ್ಚಿಗೆ ಕೊಟ್ಟಿದ್ದ ಅಂಚೆ ವೆಚ್ಚವನ್ನು ಹಿಂತಿರುಗಿಸಿದೆವು.

ಕೊನೆಗೆ ಏಳು ಜನ ಕೊರಿಯರ್ ಒಪ್ಪಿದರು. ಮೂವರು ಅಪ್ಪ ಅಮ್ಮನ ಮನೆಗೆ ಕಳಿಸಲು ಹೇಳಿದರು. ಇಬ್ಬರು ಹಣ ವಾಪಸ್ ಪಡೆದರು. ಅಂಚೆಯಲ್ಲಿ ಸಿಕ್ಕಿಕೊಂಡಿದ್ದ ಎರಡು ಪೆಟ್ಟಿಗೆಗಳ ಒಡೆಯರು ಕಾಯುತ್ತೇವೆ ಎಂದರು.

ಏಳರಲ್ಲಿ ಆರು ಪೆಟ್ಟಿಗೆ ನವರಾತ್ರಿಗೆ ಮುಂಚೆ ಮುಟ್ಟಿದವು. ಏಳನೆಯವರು ಸುಂಕವನ್ನು ತಾವೇ ಅಲ್ಲಿ ಕಟ್ಟುತ್ತೇನೆ, ನಿಮಗೆ ಮುಂಗಡ ಕೊಡುವುದಿಲ್ಲ ಎಂದಿದ್ದರು. ಪೆಟ್ಟಿಗೆ ಸಮಯಕ್ಕೇ ಅವರ ಊರು ತಲುಪಿತು. ಸುಂಕ ಕಟ್ಟಿ ಎಂದು ಅವರ ಫೋನಿಗೆ ಲಿಂಕ್ ಹೋಯಿತು. ಅದನ್ನು ಅವರು ಮೋಸದ ಸಂದೇಶ ಎಂದುಕೊಂಡು ಅಳಿಸಿದರು. ಅವರನ್ನು ದೂರುವಂತಿಲ್ಲ, ಅಂಥ ಮೋಸದ ಸಂದೇಶಗಳು ದಿನಾ ಬರುತ್ತವೆ. ಟ್ರ್ಯಾಕಿಂಗ್ ನಾಲ್ಕು ದಿನ ಒಂದೇ ಜಾಗದಲ್ಲಿ ನಿಂತದ್ದು ನೋಡಿ ನಾವು ಫೋನ್ ಮಾಡಿದ ಮೇಲೆ ಗೊತ್ತಾಯಿತು. ಕೊರಿಯರ್‌ನ ವೆಬ್‌ಸೈಟ್‌ಗೆ ನೇರವಾಗಿ ಹೋಗಿ, ಟ್ರ್ಯಾಕಿಂಗ್ ಸಂಖ್ಯೆ ಹಾಕಿ ಕಟ್ಟಿದರು. ಸೆಪ್ಟೆಂಬರ್ 26ಕ್ಕೆ ಗೊಂಬೆ ಕೈಸೇರಿತು. ಸರಸ್ವತಿ ಪೂಜೆಗೆ ಸಿಕ್ಕಿತು ಅಂತ ಅವರೇ ಸಮಾಧಾನ ಹೇಳಿದರು.

ಸುಂಕವನ್ನು ಕಳಿಸುವವರೇ ಮುಂಗಡ ಕಟ್ಟುವುದು ದುಬಾರಿ ಅನಿಸುತ್ತದೆ. ನನ್ನ ಪ್ರಕಾರ ಹಬ್ಬದ ಸರಕಿಗೆ ಅದೇ ಸರಿ. ಬಾಗಿಲಲ್ಲಿ ದುಡ್ಡು ಕೇಳುವ ಪೆಟ್ಟಿಗೆ ಒಂದೇ ದಿನ ತಡವಾಗುತ್ತದೆ ಅಂತ ಯಾರೂ ಭರವಸೆ ಕೊಡಲಾರರು, ಅದು ಒಂದು ವಾರವೂ ಆಗಬಹುದು, ಹಿಂದಕ್ಕೂ ಬರಬಹುದು.

ಅದೇ ವಾರ ಮೆಲ್ಬರ್ನ್‌ಗೂ ಒಂದು ಸೆಟ್ ಹೋಯಿತು. ಅಲ್ಲಿ 1,000 ಆಸ್ಟ್ರೇಲಿಯನ್ ಡಾಲರ್ ಒಳಗಿನ ಪಾರ್ಸೆಲ್‌ಗೆ ಗಡಿಯಲ್ಲಿ ಸುಂಕ ಕೇಳುವುದಿಲ್ಲ. ಅವರ ತಲೆನೋವು ಮರದೊಳಗಿನ ಹುಳು. ತೊಗಟೆ ಇರಬಾರದು, ತೂತು ಇರಬಾರದು, ಒಣಹುಲ್ಲು ತುಂಬಿ ಕಳಿಸಬಾರದು. ನಯವಾಗಿ ಕಡೆದು ಅರಗು ಹಚ್ಚಿದ ಗೊಂಬೆ ಎಂದು ಸ್ಪಷ್ಟವಾಗಿ ಬರೆದಿದ್ದೆವು, ತಡೆಯಿಲ್ಲದೆ ಹೋಯಿತು.

ಆಮೇಲೆ

ಅಂಚೆ ಸೇವೆ ಅಮೆರಿಕಕ್ಕೆ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ, ವಿಜಯದಶಮಿ ಕಳೆದು ಸುಮಾರು ಎರಡು ವಾರಕ್ಕೆ. ಆಗಿನ ವ್ಯವಸ್ಥೆಯಲ್ಲಿ ಘೋಷಿಸಿದ ಬೆಲೆಯ ಶೇಕಡ 50ನ್ನು ಬುಕಿಂಗ್ ಮಾಡುವಾಗಲೇ ಸುಂಕವಾಗಿ ಕಟ್ಟಿಸಿಕೊಳ್ಳುತ್ತಿದ್ದರು. ಅದನ್ನು ಕಟ್ಟಿಕೊಡುವುದಕ್ಕೆ ಬೇರೆ ಸೇವಾ ಶುಲ್ಕ ಇರಲಿಲ್ಲ. ಹಾಗಾಗಿ ನಮ್ಮ ಸೆಟ್‌ಗೆ 3,250 ಮಾತ್ರ ಜಾಸ್ತಿಯಾಯಿತು, ಕೊರಿಯರ್‌ಗಿಂತ ಕಡಿಮೆ. ಕಾದಿದ್ದ ಇಬ್ಬರಲ್ಲಿ ಒಬ್ಬರು ಅದನ್ನು ಕೊಟ್ಟು ತರಿಸಿಕೊಂಡರು. ಇನ್ನೊಬ್ಬರು ಮುಂದಿನ ವರ್ಷದವರೆಗೆ ನಿಮ್ಮ ಹತ್ತಿರವೇ ಇರಲಿ ಎಂದರು.

ಅತ್ತಿಗೆಯ ಆರ್ಡರ್ ಫಾರ್ಮಿನಲ್ಲಿ ಈಗ "ಹಬ್ಬಕ್ಕೆ ಮುಟ್ಟುತ್ತೆ" ಅನ್ನುವ ಸಾಲಿಲ್ಲ. ಅಲ್ಲಿರುವುದು ಇದು:

"ಆಗಸ್ಟ್ 10ರೊಳಗೆ ನಮ್ಮ ಮನೆಯಿಂದ ಹೊರಡುತ್ತದೆ. ಹೊರಟ ದಿನವೇ ಟ್ರ್ಯಾಕಿಂಗ್ ಸಂಖ್ಯೆ ಕಳಿಸುತ್ತೇವೆ. ಸುಂಕವನ್ನು ಈಗಿನ ದರದಲ್ಲಿ ಲೆಕ್ಕ ಹಾಕಿ ಬೇರೆ ಸಾಲಿನಲ್ಲಿ ತೋರಿಸಿದ್ದೇವೆ. ಹೊರಡುವ ದಿನ ದರ ಬದಲಾಗಿದ್ದರೆ ಕಳಿಸುವ ಮೊದಲು ನಿಮ್ಮನ್ನು ಕೇಳುತ್ತೇವೆ, ನೀವು ಬೇಡ ಎಂದರೆ ಪೂರ್ತಿ ಹಣ ವಾಪಸ್. ಫ್ಲಾಟ್ ಸಂಖ್ಯೆ ಮತ್ತು ಅಲ್ಲಿನ ಫೋನ್ ಸಂಖ್ಯೆ ತಪ್ಪದೆ ಬರೆಯಿರಿ."

ಇದರ ಕೆಳಗೆ ಅತ್ತಿಗೆ ತಾವೇ ಒಂದು ಸಾಲು ಸೇರಿಸಿದ್ದಾರೆ: "ಊರಿಗೆ ಬರುವವರು, ಊರಿಂದ ಹೋಗುವವರು ಯಾರಾದರೂ ಇದ್ದರೆ ಮೊದಲೇ ಹೇಳಿ, ಅವರ ಮನೆಗೇ ಕಳಿಸುತ್ತೇವೆ."